ಕಳಿಸಬೇಕಿತ್ತು, ಕಳಿಸಲಿಲ್ಲ: ನಡೆಯದ ಯೋಜನೆಗೆ ಇಂಗ್ಲಿಷಿನ ಮಾತು

ಹುಬ್ಬಳ್ಳಿಯ ಕಚೇರಿಯೊಂದಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಬೆಂಗಳೂರಿನಲ್ಲಿರುವ ತನ್ನ ಮ್ಯಾನೇಜರಿಗೆ ಮೇಲ್ ಬರೆಯುತ್ತಿದ್ದಾಳೆ ಅಂದುಕೊಳ್ಳಿ. ಗೋಡೌನಿನ ಸ್ಟಾಕ್ ಲೆಕ್ಕದ ಫೈಲನ್ನು ಅವಳು ನಿನ್ನೆ ಸಂಜೆಯೊಳಗೆ ಕಳಿಸಬೇಕಿತ್ತು. ಲೆಕ್ಕವೆಲ್ಲ ಮುಗಿದು, ಇನ್ನೇನು ಕಳಿಸಬೇಕು ಅನ್ನುವಾಗ ಕರೆಂಟ್ ಹೋಯಿತು, ಅದರ ಹಿಂದೆಯೇ ಇಂಟರ್ನೆಟ್ಟೂ ಹೋಯಿತು. ಫೋನ್ ಮಾಡಿ ತಿಳಿಸೋಣ ಅಂದುಕೊಂಡಳು, ಅದೂ ಆಗಲಿಲ್ಲ. ಬೆಳಿಗ್ಗೆ ಬಂದು ಕೂತವಳ ಮನಸ್ಸಿನಲ್ಲಿರುವುದು ಮೂರು ಸರಳ ಕನ್ನಡ ವಾಕ್ಯ: "ಫೈಲ್ ನಿನ್ನೆನೇ ಕಳಿಸಬೇಕಿತ್ತು. ಆರು ಗಂಟೆಗೆ ಕಳಿಸ್ತಿದ್ದೆ, ಕರೆಂಟ್ ಹೋಯ್ತು. ನಿಮಗೆ ಫೋನ್ ಮಾಡೋಣ ಅಂತಿದ್ದೆ."

ಇದನ್ನು ಅವಳು ಹೀಗೆ ಇಂಗ್ಲಿಷಿಗೆ ತರುತ್ತಾಳೆ: "ಐ ಹ್ಯಾಡ್ ಟು ಸೆಂಡ್ ದ ಫೈಲ್ ಯೆಸ್ಟರ್‌ಡೇ. ಐ ವುಡ್ ಸೆಂಡ್ ಇಟ್ ಅಟ್ ಸಿಕ್ಸ್, ಬಟ್ ದ ಪವರ್ ವೆಂಟ್. ಐ ಥಾಟ್ ಟು ಕಾಲ್ ಯು."

ಒಂದೊಂದು ಪದವೂ ಸರಿಯಾದದ್ದೇ, ಕಾಗುಣಿತದಲ್ಲೂ ತಪ್ಪಿಲ್ಲ. ಆದರೂ ಮೂರು ವಾಕ್ಯಗಳಲ್ಲಿ ಒಂದೂ ಅವಳು ಹೇಳಬೇಕೆಂದಿದ್ದನ್ನು ಹೇಳುತ್ತಿಲ್ಲ. ಮೊದಲನೆಯ ವಾಕ್ಯವಂತೂ ನಡೆದದ್ದಕ್ಕೆ ತೀರಾ ವಿರುದ್ಧವಾದದ್ದನ್ನೇ ಹೇಳುತ್ತಿದೆ. ಅದನ್ನು ಓದಿದ ಮ್ಯಾನೇಜರು ಫೈಲ್ ನಿನ್ನೆಯೇ ಹೋಗಿದೆ ಎಂದುಕೊಂಡು ತನ್ನ ಇನ್‌ಬಾಕ್ಸಿನಲ್ಲಿ ಹುಡುಕುತ್ತಾ ಕೂರಬಹುದು.

ಹೀಗೇಕಾಗುತ್ತದೆ ಎಂಬುದಕ್ಕೆ ಉತ್ತರ ನಮ್ಮ ಕನ್ನಡದೊಳಗೇ ಇದೆ. "ಕಳಿಸಬೇಕಾಯಿತು" ಮತ್ತು "ಕಳಿಸಬೇಕಿತ್ತು" ಎಂಬ ಎರಡು ಮಾತನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಕಳಿಸಬೇಕಾಯಿತು ಅಂದರೆ ಬೇರೆ ದಾರಿಯಿರಲಿಲ್ಲ, ಕಳಿಸಿದೆ. ಕಳಿಸಬೇಕಿತ್ತು ಅಂದರೆ ಕಳಿಸುವುದು ನನ್ನ ಪಾಲಿನ ಕೆಲಸವಾಗಿತ್ತು, ಕಳಿಸಿಲ್ಲ. ಈ ವ್ಯತ್ಯಾಸದಲ್ಲಿ ಕನ್ನಡಿಗರಲ್ಲಿ ಯಾರೂ ಎಡವುವುದಿಲ್ಲ, ಐದು ವರ್ಷದ ಮಗುವೂ ಎಡವುವುದಿಲ್ಲ. ಆದರೆ ಶಾಲೆಯಲ್ಲಿ "ಬೇಕು" ಅಂದರೆ "ಹ್ಯಾವ್ ಟು" ಎಂದು ಕಲಿತಿರುತ್ತೇವೆ. ಹಾಗಾಗಿ ಬೇಕು ಭೂತಕಾಲಕ್ಕೆ ಹೋದರೆ "ಹ್ಯಾಡ್ ಟು" ಎಂದು ಕೈ ತಾನಾಗಿ ಬರೆದುಬಿಡುತ್ತದೆ. ಇಂಗ್ಲಿಷಿನ "ಹ್ಯಾಡ್ ಟು" ಸಾಮಾನ್ಯವಾಗಿ "ಬೇಕಾಯಿತು" ಎಂಬುದರ ಜೋಡಿ. ಅದನ್ನು ಕೇಳಿದವರು ಕೆಲಸ ಆಗಿದೆ ಎಂದೇ ತಿಳಿಯುತ್ತಾರೆ. "ಬೇಕಿತ್ತು" ಎಂಬುದಕ್ಕೆ ಜೋಡಿ "ವಾಸ್ ಸಪೋಸ್ಡ್ ಟು". ಇಂಗ್ಲಿಷ್ ಕಲಿಸುವ ಪುಸ್ತಕಗಳು ಕಾಲಗಳ ಪಟ್ಟಿಯನ್ನು ಪುಟಗಟ್ಟಲೆ ಕೊಡುತ್ತವೆ. ಅದರ ಬದಲು ಈ ಒಂದು ಜೋಡಿಯನ್ನು ಕನ್ನಡದಿಂದಲೇ ಹೊರಟು ತೋರಿಸಿದರೆ ಎಷ್ಟೋ ಗೊಂದಲ ಒಂದೇ ದಿನದಲ್ಲಿ ಕಳೆಯುತ್ತದೆ ಎಂದು ನಾನು ನಂಬುತ್ತೇನೆ.

ಎರಡನೆಯ ವಾಕ್ಯದ "ವುಡ್" ಇನ್ನೂ ನಯವಾದ ಬಲೆ. ನಮ್ಮ "ಕಳಿಸ್ತಿದ್ದೆ" ಎಂಬ ರೂಪ ಒಂದೇ ಮೈಯಲ್ಲಿ ಮೂರು ಕೆಲಸ ಮಾಡುತ್ತದೆ. "ಆಗ ದಿನಾ ಕಾಗದ ಕಳಿಸ್ತಿದ್ದೆ" ಅಂದರೆ ರೂಢಿ. "ನೀವು ಬಂದಾಗ ಮೇಲ್ ಕಳಿಸ್ತಿದ್ದೆ" ಅಂದರೆ ಆ ಹೊತ್ತಿನಲ್ಲಿ ನಡೆಯುತ್ತಿದ್ದ ಕೆಲಸ. "ಕರೆಂಟ್ ಇದ್ದಿದ್ದರೆ ಕಳಿಸ್ತಿದ್ದೆ" ಅಂದರೆ ಆಗದೇ ಹೋದದ್ದು. ಇಂಗ್ಲಿಷಿನಲ್ಲಿ ಈ ಮೂರಕ್ಕೂ ಬೇರೆಬೇರೆ ರೂಪಗಳಿವೆ. ಭೂತಕಾಲದ ಮಾತಿನ ನಡುವೆ ಬರಿಯ "ಐ ವುಡ್ ಸೆಂಡ್" ಬಂದರೆ ಅದು ಮೊದಲನೆಯದು, ರೂಢಿಯ ಮಾತು: ಆಗೆಲ್ಲ ಹಾಗೆ ಕಳಿಸುತ್ತಿದ್ದೆ ಎಂದಂತೆ. ಯಾರೋ ಹೇಳಿದ ಮಾತನ್ನು ವರದಿ ಮಾಡುವಾಗ "ವುಡ್" ಮುಂದಿನ ಕೆಲಸವನ್ನು ಸೂಚಿಸಬಲ್ಲದು. "ಶಿ ಸೆಡ್ ಶಿ ವುಡ್ ಸೆಂಡ್ ಇಟ್", ಕಳಿಸುತ್ತೇನೆ ಅಂದಳು. ನಾನೇ ಒಂದು ಯೋಜನೆ ಹಾಕಿಕೊಂಡಿದ್ದೆ, ಅದು ಕೈಗೂಡಲಿಲ್ಲ ಎನ್ನುವುದಕ್ಕೆ "ವುಡ್" ಒದಗುವುದಿಲ್ಲ. ಅಲ್ಲಿ ಬೇಕಾದದ್ದು "ವಾಸ್ ಗೋಯಿಂಗ್ ಟು".

ಈ "ಗೋಯಿಂಗ್" ಹೋಗುವುದಲ್ಲ ಎಂಬುದನ್ನು ಮೊದಲು ಮನಸ್ಸಿಗೆ ಒಪ್ಪಿಸಬೇಕು. "ಐ ವಾಸ್ ಗೋಯಿಂಗ್ ಟು ದ ಬ್ಯಾಂಕ್" ಅಂದರೆ ಬ್ಯಾಂಕಿಗೆ ಹೋಗುತ್ತಿದ್ದೆ, ದಾರಿಯಲ್ಲಿದ್ದೆ. "ಐ ವಾಸ್ ಗೋಯಿಂಗ್ ಟು ಗೋ ಟು ದ ಬ್ಯಾಂಕ್" ಅಂದರೆ ಬ್ಯಾಂಕಿಗೆ ಹೋಗಬೇಕು ಅಂತಿದ್ದೆ; ಬಹುಶಃ ಮನೆಯಿಂದ ಹೊರಟೂ ಇರಲಿಲ್ಲ. "ಟು" ಆದಮೇಲೆ ಊರು, ಅಂಗಡಿ, ಬ್ಯಾಂಕು ಬಂದರೆ ಅದು ಪ್ರಯಾಣ. ಕ್ರಿಯಾಪದದ ಮೂಲರೂಪ ಬಂದರೆ ಅದು ಉದ್ದೇಶ. ಎರಡನೆಯ ವಾಕ್ಯದಲ್ಲಿ "ಗೋ" ಎರಡು ಸಲ ಬಂದಿತಲ್ಲ ಎಂದು ನಮ್ಮವರು ಮುಜುಗರಪಟ್ಟು ಒಂದನ್ನು ಬಿಟ್ಟುಬಿಡುತ್ತಾರೆ. ಆಗ ಕೇಳುವವರು "ಹಾಗಾದರೆ ಅರ್ಧ ದಾರಿಯಿಂದ ವಾಪಸ್ ಬಂದಿರಾ?" ಎಂದು ಕೇಳುವ ಹಾಗಾಗುತ್ತದೆ.

ಇದಕ್ಕೆ ಒಂದು ಒಳ್ಳೆಯ ಪರೀಕ್ಷೆಯಿದೆ. ಇಂಗ್ಲಿಷ್ ಸಿನಿಮಾಗಳಲ್ಲಿ "ಗೊನ್ನ" ಎಂಬ ಮಾತನ್ನು ನೀವು ಕೇಳಿರುತ್ತೀರಿ. "ಗೋಯಿಂಗ್ ಟು" ಎಂಬುದೇ ಸವೆದು ಹಾಗಾಗಿದೆ. ಆದರೆ ಉದ್ದೇಶದ "ಗೋಯಿಂಗ್ ಟು" ಮಾತ್ರ ಹೀಗೆ ಸವೆಯುತ್ತದೆ, ಪ್ರಯಾಣದ್ದು ಸವೆಯುವುದಿಲ್ಲ. "ಐ ವಾಸ್ ಗೊನ್ನ ಕಾಲ್ ಯು" ಎಂದು ಅವರು ದಿನವೂ ಅನ್ನುತ್ತಾರೆ. "ಐ ವಾಸ್ ಗೊನ್ನ ದ ಬ್ಯಾಂಕ್" ಎಂದು ಯಾರೂ ಅನ್ನುವುದಿಲ್ಲ. ನಿಮ್ಮ ವಾಕ್ಯದಲ್ಲಿ "ಗೊನ್ನ" ಕೂರುತ್ತದೆಯೇ ಎಂದು ಮನಸ್ಸಿನಲ್ಲೇ ಹಾಕಿ ನೋಡಿದರೆ ಅದು ಯಾವ ಬಗೆಯದೆಂದು ತಿಳಿದುಬಿಡುತ್ತದೆ. ಬರೆಯುವಾಗ ಮಾತ್ರ, ಅದರಲ್ಲೂ ಕಚೇರಿಯ ಬರವಣಿಗೆಯಲ್ಲಿ, ಅದನ್ನು ಬಳಸಬಾರದು.

ಹೋಗುವುದಕ್ಕೂ ಉದ್ದೇಶಕ್ಕೂ ಈ ನಂಟು ಬೆಳೆದದ್ದು ನಿಧಾನವಾಗಿ. ಒಂದು ಕೆಲಸ ಮಾಡಲೆಂದು ಎಲ್ಲಿಗೋ ಹೋಗುತ್ತಿರುವವನಿಗೆ ಆ ಕೆಲಸ ಮಾಡುವ ಮನಸ್ಸಿದೆ ಎಂದೇ ಅರ್ಥ. ಕಾಲ ಕಳೆದಂತೆ ಹೋಗುವ ಭಾಗ ಮಸುಕಾಗಿ ಮನಸ್ಸಿನ ಭಾಗ ಉಳಿಯಿತು. ಈ ಹೊಸ ಅರ್ಥ ಕಾಣುವ ಬಹಳ ಹಳೆಯ ಉದಾಹರಣೆಯೆಂದು ವಿದ್ವಾಂಸರು ಮತ್ತೆಮತ್ತೆ ಎತ್ತಿ ತೋರಿಸುವುದು 1482ರ ಒಂದು ಧಾರ್ಮಿಕ ಗ್ರಂಥದ ವಾಕ್ಯವನ್ನು. ಈವ್‌ಶಮ್‌ನ ಸನ್ಯಾಸಿಯೊಬ್ಬನಿಗಾದ ದರ್ಶನವನ್ನು ಹೇಳುವ ಆ ಗ್ರಂಥದಲ್ಲಿ, ನರಕಕ್ಕೆ ಒಯ್ಯಲ್ಪಡಲಿದ್ದ ಒಂದು ಆತ್ಮದ ಪ್ರಸಂಗ ಬರುತ್ತದೆ. ಆ ವಾಕ್ಯ ಇರುವುದು "ವಾಸ್ ಗೋಯಿಂಗ್ ಟು" ರೂಪದಲ್ಲೇ. ನಾವೂ ಕನ್ನಡದಲ್ಲಿ ಇದೇ ದಾರಿ ಹಿಡಿದಿದ್ದೇವೆ. "ಅವನು ಏನೋ ಹೇಳಹೊರಟ, ತಡೆದರು" ಎಂಬಲ್ಲಿ ಯಾರೂ ಎಲ್ಲಿಗೂ ಹೊರಟಿರುವುದಿಲ್ಲ. ಮೈಸೂರಿನ ಕಡೆಯವರು "ಬರೋಣ ಅಂತಿದ್ದೆ" ಅನ್ನುವಲ್ಲಿ ಧಾರವಾಡದ ಕಡೆಯವರು "ಬರಾಂವ ಇದ್ದೆ" ಅನ್ನುತ್ತಾರೆ, ಹೆಣ್ಣುಮಕ್ಕಳು "ಬರಾಕಿ ಇದ್ದೆ" ಅನ್ನುತ್ತಾರೆ. ಈ ಎಲ್ಲ ಮಾತಿಗೂ "ಐ ವಾಸ್ ಗೋಯಿಂಗ್ ಟು ಕಮ್" ಒಪ್ಪುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. "ವಾಸ್ ಗೋಯಿಂಗ್ ಟು" ಯೋಜನೆ ಇತ್ತು ಎಂದಷ್ಟೇ ಹೇಳುತ್ತದೆ. ಅದು ಮುರಿದುಬಿತ್ತು ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಕೇಳುವವರೇ ಹಾಗೆ ಊಹಿಸಿಕೊಳ್ಳುತ್ತಾರೆ. ಚಂದ್ರಯಾನ-2ರ ದಿನಗಳನ್ನು ನೆನಪಿಸಿಕೊಳ್ಳಿ. 2019ರ ಜುಲೈ 15ರ ನಸುಕಿನ 2.51ಕ್ಕೆ ಶ್ರೀಹರಿಕೋಟಾದಿಂದ ಉಡಾವಣೆಯೆಂದು ಗೊತ್ತಾಗಿತ್ತು. ಇನ್ನು 56 ನಿಮಿಷ ಉಳಿದಿರುವಾಗ ತಾಂತ್ರಿಕ ದೋಷ ಕಂಡುಬಂದು ಗಡಿಯಾರವನ್ನು ನಿಲ್ಲಿಸಿದರು. ಇದನ್ನು ಇಂಗ್ಲಿಷಿನಲ್ಲಿ ಹೇಳುವುದಾದರೆ "ಇಸ್ರೋ ವಾಸ್ ಗೋಯಿಂಗ್ ಟು ಲಾಂಚ್ ಇಟ್ ಆನ್ ಜುಲೈ ಫಿಫ್ಟೀನ್ತ್". ಆ ದಿನ ಆಗಲಿಲ್ಲ, ಜುಲೈ 22ರ ಮಧ್ಯಾಹ್ನ ಆಯಿತು. ಮುರಿದದ್ದು ಯೋಜನೆಯ ದಿನಾಂಕ ಮಾತ್ರ. ಇನ್ನೊಂದು ಮಾತು ನೋಡಿ: "ಎವ್ರಿವನ್ ನ್ಯೂ ಇಟ್ ವಾಸ್ ಗೋಯಿಂಗ್ ಟು ರೈನ್, ಅಂಡ್ ಇಟ್ ಡಿಡ್". ಮಳೆ ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು, ಬಂತು. ಅದೇ ರೂಪ, ಆದರೆ ಅಂದುಕೊಂಡದ್ದು ನಡೆದಿದೆ. ಆದ್ದರಿಂದ ನಡೆಯಲಿಲ್ಲ ಎಂಬುದು ಮುಖ್ಯವಾಗಿದ್ದರೆ ಅದನ್ನು ಇನ್ನೊಂದು ತುಂಡಿನಲ್ಲಿ ಹೇಳಿಯೇಬಿಡಬೇಕು. "ಬಟ್" ಹಾಕಿ, ಏನು ಅಡ್ಡಬಂತೆಂದು ಹೇಳಿ. ಬರವಣಿಗೆಯಲ್ಲಿ ಇದು ಇನ್ನೂ ಅಗತ್ಯ, ಏಕೆಂದರೆ ಮಾತಿನಲ್ಲಿ ದನಿ ಮಾಡುವ ಕೆಲಸವನ್ನು ಕಾಗದದ ಮೇಲೆ ಯಾರೂ ಮಾಡುವುದಿಲ್ಲ.

ದನಿ ಮಾಡುವ ಕೆಲಸ ಸಣ್ಣದಲ್ಲ. ಸಾಮಾನ್ಯವಾಗಿ ಇಂಗ್ಲಿಷಿನವರು ಈ "ವಾಸ್" ಅನ್ನು ಕಿವಿಗೆ ಬಿತ್ತೋ ಇಲ್ಲವೋ ಅನ್ನುವಂತೆ ನುಂಗಿ ಮುಂದೆ ಹೋಗುತ್ತಾರೆ. ಅದರ ಮೇಲೆ ಒತ್ತು ಹಾಕಿ "ಐ ವಾಸ್... ಗೋಯಿಂಗ್ ಟು ಕಾಲ್ ಯು" ಅಂದರೆ ಒಂದು "ಆದರೆ" ಬರುತ್ತಿದೆ ಎಂದು ಮೊದಲೇ ಗೊತ್ತಾಗುತ್ತದೆ. ನಾವು "ಫೋನ್ ಮಾಡೋಣ ಅಂತಾನೇ ಇದ್ದೆ" ಎಂದು "ಅಂತಾನೇ" ಮೇಲೆ ಒತ್ತುವುದಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ.

ಚುಟುಕು ಉತ್ತರದಲ್ಲೂ ಒಂದು ಎಡವು ಇದೆ. "ಅಮ್ಮನಿಗೆ ಫೋನ್ ಮಾಡಿದೆಯಾ?" ಎಂದು ಇಂಗ್ಲಿಷಿನಲ್ಲಿ ಯಾರಾದರೂ ಕೇಳಿದರೆ, ಮಾಡುವವನಿದ್ದೆ ಎನ್ನಲು "ಐ ವಾಸ್ ಗೋಯಿಂಗ್ ಟು" ಎಂದರೆ ಸಾಕು. ಕ್ರಿಯಾಪದ ಬಿಟ್ಟುಹೋಗಬಹುದು, "ಟು" ಬಿಟ್ಟುಹೋಗಬಾರದು. ಕೊನೆಯಲ್ಲಿ ಒಂಟಿಯಾಗಿ ನಿಂತ "ಟು" ನಮಗೆ ಅರ್ಧಕ್ಕೆ ತುಂಡಾದ ವಾಕ್ಯದಂತೆ ಕಾಣುತ್ತದೆ. ಹಾಗೆಂದು ಅದನ್ನು ಬಿಟ್ಟು "ಐ ವಾಸ್ ಗೋಯಿಂಗ್" ಅಂದರೆ ಮತ್ತೆ ಬಸ್ ಹತ್ತಿದಂತಾಯಿತು, ನಾನು ಹೋಗುತ್ತಿದ್ದೆ ಎಂದಾಯಿತು. ಆ ಪುಟ್ಟ "ಟು" ಬಿಟ್ಟುಹೋದ ಕ್ರಿಯಾಪದದ ಜಾಗವನ್ನು ಕಾಯ್ದಿಟ್ಟುಕೊಂಡಿರುತ್ತದೆ.

ಇನ್ನು "ವಾಸ್ ಅಬೌಟ್ ಟು". ಇಲ್ಲಿ ಯೋಜನೆಗಿಂತ ಹೊತ್ತು ಮುಖ್ಯ. "ಗೋಯಿಂಗ್ ಟು" ತಿಂಗಳ ಹಿಂದಿನ ನಿರ್ಧಾರಕ್ಕೂ ಸಲ್ಲುತ್ತದೆ, ಮುಂದಿನ ವರ್ಷದ ಯೋಜನೆಗೂ ಸಲ್ಲುತ್ತದೆ. "ಅಬೌಟ್ ಟು" ಮಾತ್ರ ಹೊಸ್ತಿಲ ಮೇಲೆ ಕಾಲಿಟ್ಟ ಗಳಿಗೆ. ಕನ್ನಡದಲ್ಲಿ ಇದಕ್ಕೆ ನಮ್ಮಲ್ಲಿರುವ ಸೊಗಸಾದ ಮಾತು "ಇನ್ನೇನು". ಇನ್ನೇನು ಹೊರಡಬೇಕು, ಅಷ್ಟರಲ್ಲಿ ನೆಂಟರು ಬಂದರು. ಇನ್ನೇನು ತುತ್ತು ಬಾಯಿಗಿಡಬೇಕು, ಫೋನ್ ಬಂತು. ನಮ್ಮ "ಇನ್ನೇನು" ಜತೆಗೆ "ಅಷ್ಟರಲ್ಲಿ" ಬರುವಂತೆ ಅವರ "ವಾಸ್ ಅಬೌಟ್ ಟು" ಜತೆಗೆ "ವೆನ್" ಬರುತ್ತದೆ. "ವಿ ವರ್ ಅಬೌಟ್ ಟು ಲೀವ್ ವೆನ್ ದ ಗೆಸ್ಟ್ಸ್ ಕೇಮ್." ಮೊದಲ ತುಂಡು ಹಿಡಿದ ಉಸಿರು, ಎರಡನೆಯದು ಅಡ್ಡಬಂದದ್ದು.

ಚಂದ್ರಯಾನ-2ರ ಕತೆಯ ಎರಡನೆಯ ಅಧ್ಯಾಯ ಇಲ್ಲಿಗೆ ಸಲ್ಲುತ್ತದೆ. ಅದೇ 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಬೆಂಗಳೂರಿನ ಇಸ್ರೋ ನಿಯಂತ್ರಣ ಕೇಂದ್ರದಲ್ಲಿ ವಿಜ್ಞಾನಿಗಳು ಪರದೆಯ ಮೇಲೆ ಕಣ್ಣು ನೆಟ್ಟು ಕೂತಿದ್ದರು. ವಿಕ್ರಮ್ ಲ್ಯಾಂಡರ್ ಚಂದ್ರನ ಕಡೆಗೆ ಇಳಿಯುತ್ತಿತ್ತು. ನೆಲ ಇನ್ನು 2.1 ಕಿಲೋಮೀಟರ್ ದೂರವಿದೆ ಅನ್ನುವವರೆಗೆ ಎಲ್ಲ ಸರಿಯಾಗಿತ್ತು, ಆಮೇಲೆ ಸಂಪರ್ಕ ಕಡಿದುಹೋಯಿತು. ಆಗಿನ ಇಸ್ರೋ ಅಧ್ಯಕ್ಷ ಕೆ. ಶಿವನ್ ಅದನ್ನು ಪ್ರಕಟಿಸಿದ್ದನ್ನು ರಾತ್ರಿಯಿಡೀ ಟಿವಿ ಮುಂದೆ ಕೂತಿದ್ದವರು ಮರೆತಿರಲಾರರು. ಇದಕ್ಕೆ ಇಂಗ್ಲಿಷಿನ ಸಹಜ ವಾಕ್ಯ "ವಿಕ್ರಮ್ ವಾಸ್ ಅಬೌಟ್ ಟು ಲ್ಯಾಂಡ್ ವೆನ್ ಕಾಂಟ್ಯಾಕ್ಟ್ ವಾಸ್ ಲಾಸ್ಟ್". ಇಲ್ಲಿ "ವಾಸ್ ಗೋಯಿಂಗ್ ಟು ಲ್ಯಾಂಡ್" ಅಂದರೂ ವ್ಯಾಕರಣದ ತಪ್ಪಿಲ್ಲ. ಆದರೆ ಆ ರಾತ್ರಿಯ ನೋವೆಲ್ಲ ಇದ್ದದ್ದು ಉಳಿದಿದ್ದ ಆ ಸ್ವಲ್ಪ ದೂರದಲ್ಲಿ. ಅದನ್ನು ಹಿಡಿಯುವುದು "ಅಬೌಟ್ ಟು" ಮಾತ್ರ. ಜುಲೈ 15ರ ಉಡಾವಣೆಗೂ ಇದನ್ನು ಬಳಸಬಹುದೇ? 56 ನಿಮಿಷ ಉಳಿದಿತ್ತಲ್ಲ, ಬಳಸಬಹುದೆಂದು ಕೆಲವರು ಹೇಳಿಯಾರು. ತಿಂಗಳುಗಟ್ಟಲೆ ಸಿದ್ಧತೆಯ ಮುಂದೆ 56 ನಿಮಿಷ ಏನೇನೂ ಅಲ್ಲ, ನಿಜ. ಆದರೆ "ಆನ್ ಜುಲೈ ಫಿಫ್ಟೀನ್ತ್" ಎಂದು ದಿನಾಂಕ ಸೇರಿಸಿದ ಕೂಡಲೇ ವಾಕ್ಯ ಕೆಡುತ್ತದೆ. "ಅಬೌಟ್ ಟು" ತಾನೇ ಒಂದು ಗಳಿಗೆಯನ್ನು ತೋರಿಸುವುದರಿಂದ ಅದರ ಪಕ್ಕದಲ್ಲಿ ದಿನಾಂಕವನ್ನಾಗಲಿ, "ನೆಕ್ಸ್ಟ್ ವೀಕ್" ಎಂಬಂಥ ಮಾತನ್ನಾಗಲಿ ಅದು ಇಟ್ಟುಕೊಳ್ಳುವುದಿಲ್ಲ. "ಐ ವಾಸ್ ಅಬೌಟ್ ಟು ಜಾಯಿನ್ ನೆಕ್ಸ್ಟ್ ಮಂತ್" ಎಂದು ನಮ್ಮ ಹುಡುಗರು ಸಂದರ್ಶನದಲ್ಲಿ ಹೇಳುವುದುಂಟು. ಅಲ್ಲಿ ಬೇಕಾದದ್ದು "ಗೋಯಿಂಗ್ ಟು".

ಕೂದಲೆಳೆಯಲ್ಲಿ ತಪ್ಪಿದ ಅಪಾಯಕ್ಕೂ ನಮ್ಮವರು ಇದನ್ನೇ ಬಳಸುತ್ತಾರೆ. "ಸ್ವಲ್ಪದರಲ್ಲಿ ಬೀಳ್ತಿದ್ದೆ" ಎನ್ನಲು "ಐ ವಾಸ್ ಅಬೌಟ್ ಟು ಫಾಲ್" ಎನ್ನುತ್ತಾರೆ. ಬೀಳುವುದು ಯಾರ ಯೋಜನೆಯೂ ಅಲ್ಲ. ಇನ್ನೇನು ಬೀಳುವುದರಲ್ಲಿದ್ದೆ, ಅಷ್ಟರಲ್ಲಿ ಯಾರೋ ಹಿಡಿದರು ಎಂದು ಆ ಗಳಿಗೆಯನ್ನು ವರ್ಣಿಸುವಾಗ ಅದು ಸರಿಯೇ. ಬಿದ್ದುಬಿಡುತ್ತಿದ್ದೆ, ಬೀಳಲಿಲ್ಲ ಎಂದಷ್ಟೇ ಹೇಳಬೇಕಿದ್ದರೆ ಇಂಗ್ಲಿಷಿಗೆ "ಐ ನಿಯರ್‌ಲಿ ಫೆಲ್" ಹೆಚ್ಚು ಸಹಜ. ಇದಕ್ಕಿಂತ ಅಪಾಯದ್ದು "ಅಬೌಟ್ ಟು" ಹಿಂದೆ "ನಾಟ್" ಸೇರಿಸುವುದು. "ಐ ವಾಸ್ ನಾಟ್ ಅಬೌಟ್ ಟು ಪೇ" ಅಂದರೆ ಇನ್ನೇನು ಕೊಡುವುದರಲ್ಲಿರಲಿಲ್ಲ ಎಂದಲ್ಲ. ಸುತರಾಂ ಕೊಡುವವನಲ್ಲ ಎಂಬ ಹಟದ ಮಾತು ಅದು. ಬಾಡಿಗೆ ಮನೆಯ ಓನರಿಗೋ ಬ್ಯಾಂಕಿಗೋ ತಿಳಿಯದೆ ಹೀಗೆ ಬರೆದುಬಿಟ್ಟರೆ ಜಗಳಕ್ಕೆ ನಿಂತಂತೆ ಕಾಣುತ್ತದೆ.

ಮೂರನೆಯದು "ಹ್ಯಾಡ್ ಮೆಂಟ್ ಟು". ನನಗೆ ಇದು ಮೂರರಲ್ಲೂ ಹೆಚ್ಚು ಪ್ರಿಯವಾದದ್ದು, ನಮ್ಮವರು ಎಲ್ಲಕ್ಕಿಂತ ಕಡಿಮೆ ಬಳಸುವುದೂ ಇದನ್ನೇ. "ಮೀನ್" ಅಂದರೆ ಅರ್ಥ, "ಮೀನಿಂಗ್" ಅಂದರೆ ಅರ್ಥ ಎಂದು ಕಲಿತ ನಮಗೆ ಅದೇ ಪದಕ್ಕೆ "ಉದ್ದೇಶಿಸು" ಎಂಬ ಅರ್ಥವೂ ಇದೆ ಎಂದು ಹೊಳೆಯುವುದಿಲ್ಲ. ಯಾರದೋ ಕಾಲು ತುಳಿದಾಗ "ಐ ಡಿಡಂಟ್ ಮೀನ್ ಟು" ಅನ್ನುತ್ತಾರೆ. ಬೇಕಂತ ಮಾಡಲಿಲ್ಲ ಎಂದು. ಆ "ಬೇಕಂತ" ಎಂಬುದೇ "ಮೀನ್ ಟು". ಅದನ್ನು ಹಿಂದಕ್ಕೆ ಸರಿಸಿದರೆ "ಮೆಂಟ್ ಟು", ಇನ್ನೂ ಹಿಂದಕ್ಕೆ ಸರಿಸಿದರೆ "ಹ್ಯಾಡ್ ಮೆಂಟ್ ಟು". ಮಾಡಬೇಕು ಅಂತ ಮನಸ್ಸಿನಲ್ಲಿತ್ತು ಎಂದು.

"ಗೋಯಿಂಗ್ ಟು" ಹೇಳುವುದು ಗಟ್ಟಿಯಾದ ನಿರ್ಧಾರವನ್ನು. ಟಿಕೆಟ್ ತೆಗೆದಿರಬಹುದು, ಚೀಲ ತುಂಬಿರಬಹುದು. "ಮೆಂಟ್ ಟು" ಹೇಳುವುದು ಮನಸ್ಸಿನೊಳಗೇ ಉಳಿದದ್ದನ್ನು. ಹೊರಗಿನಿಂದ ಏನೂ ಅಡ್ಡಬರಬೇಕೆಂದಿಲ್ಲ. ಮರೆವು, ಸೋಮಾರಿತನ, ಬೇರೆ ಕೆಲಸಗಳ ರಾಶಿ, ಇಷ್ಟೇ ಸಾಕು. ಅದಕ್ಕೇ ಇದು ಕ್ಷಮೆ ಕೇಳುವ ಮಾತಿನ ಜತೆಗೆ ಬರುವುದು ಹೆಚ್ಚು. "ಐ ಮೆಂಟ್ ಟು ರಿಪ್ಲೈ ಅರ್ಲಿಯರ್" ಎಂದು ಶುರುವಾಗುವ ಮೇಲ್‌ಗಳನ್ನು ಕಚೇರಿಯಲ್ಲಿರುವವರು ವಾರಕ್ಕೊಂದಾದರೂ ನೋಡಿರುತ್ತಾರೆ. ಮತ್ತೆ, ಮನಸ್ಸಿಲ್ಲದ್ದಕ್ಕೆ ಈ ಮಾತು ಸಲ್ಲುವುದಿಲ್ಲ. ಬಸ್ಸು ಹೊರಡುವುದರಲ್ಲಿತ್ತು ಎನ್ನಲು "ದ ಬಸ್ ವಾಸ್ ಅಬೌಟ್ ಟು ಲೀವ್" ಅನ್ನಬಹುದು, "ದ ಬಸ್ ಹ್ಯಾಡ್ ಮೆಂಟ್ ಟು ಲೀವ್" ಅನ್ನಲಾಗದು. ಬಸ್ಸಿಗೆ ಉದ್ದೇಶವಿಲ್ಲ.

"ಮೆಂಟ್ ಟು" ಸಾಕಾಗಿರುವಾಗ "ಹ್ಯಾಡ್" ಏಕೆ? ಕತೆ ನಿಂತಿರುವ ಹೊತ್ತಿಗಿಂತ ಉದ್ದೇಶ ಹಿಂದಿನದು ಎಂದು ತೋರಿಸಲು. ನೆನ್ನೆ ಸಂಜೆಯ ಕತೆ ಹೇಳುತ್ತಿದ್ದೇನೆ, ಮನಸ್ಸು ಮಾಡಿದ್ದು ಅದಕ್ಕೂ ಮೊದಲು. ಅದರ ಜತೆಗೆ "ಹ್ಯಾಡ್" ಆ ಉದ್ದೇಶದ ಮೇಲೆ ಬಾಗಿಲು ಮುಚ್ಚುತ್ತದೆ. ಆಗ ಅಂದುಕೊಂಡಿದ್ದು ಆಗಲಿಲ್ಲ ಎಂಬ ಧ್ವನಿ "ಗೋಯಿಂಗ್ ಟು"ಗಿಂತ ಇದರಲ್ಲಿ ಬಲವಾಗಿ ಕೇಳಿಸುತ್ತದೆ. ಮನಸ್ಸಿಗೆ ಸಂಬಂಧಿಸಿದ ಇನ್ನೂ ಕೆಲವು ಕ್ರಿಯಾಪದಗಳು ಇದೇ ಸಾಲಿನಲ್ಲಿ ನಿಲ್ಲುತ್ತವೆ. "ಹ್ಯಾಡ್ ಹೋಪ್ಡ್ ಟು", "ಹ್ಯಾಡ್ ಪ್ಲಾನ್ಡ್ ಟು", "ಹ್ಯಾಡ್ ವಾಂಟೆಡ್ ಟು". ವಿಕ್ರಮ್ ಮತ್ತು ಅದರೊಳಗಿದ್ದ ಪ್ರಜ್ಞಾನ್ ರೋವರ್ ಚಂದ್ರನ ಒಂದು ಹಗಲು, ಅಂದರೆ ನಮ್ಮ 14 ದಿನ ಕೆಲಸ ಮಾಡಬೇಕೆಂಬ ಲೆಕ್ಕವಿತ್ತು. "ದ ಸೈಂಟಿಸ್ಟ್ಸ್ ಹ್ಯಾಡ್ ಹೋಪ್ಡ್ ಟು ರನ್ ದ ರೋವರ್ ಫಾರ್ ಫೋರ್ಟೀನ್ ಡೇಸ್" ಎಂದರೆ ಸಾಕು, "ಬಟ್" ಇಲ್ಲದೆಯೂ ಓದುಗನಿಗೆ ತಿಳಿಯುತ್ತದೆ. ನಾಲ್ಕು ವರ್ಷ ಕಳೆದು 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದ ಮೇಲೂ ಆ ವಾಕ್ಯ ಸುಳ್ಳಾಗಲಿಲ್ಲ. ಅದು 2019ರ ಆಸೆಯ ಮಾತು, ಆ ಆಸೆ ಅಲ್ಲಿಗೇ ನಿಂತಿತು.

ಇದರ ಪಕ್ಕದಲ್ಲೇ ಜೀವಂತವಾಗಿರುವ ಇನ್ನೊಂದು ರೂಪವಿದೆ: "ಐ ಹ್ಯಾವ್ ಬೀನ್ ಮೀನಿಂಗ್ ಟು ಕಾಲ್ ಯು". ಬಹಳ ದಿನದಿಂದ ಫೋನ್ ಮಾಡಬೇಕು ಮಾಡಬೇಕು ಅಂತಿದ್ದೀನಿ. ಇಲ್ಲಿ ಉದ್ದೇಶ ಸತ್ತಿಲ್ಲ. ಆ ಮಾತನ್ನು ಫೋನ್ ಮಾಡಿದ ಮೇಲೆ, ಅದೇ ಫೋನಿನಲ್ಲಿ ಹೇಳುವುದೂ ಉಂಟು. ಕನ್ನಡದಲ್ಲಿ "ಅಂತಿದ್ದೀನಿ" ಮತ್ತು "ಅಂತಿದ್ದೆ" ಎಂದು ಕೊನೆಯ ಅಕ್ಷರ ಬದಲಿಸಿ ನಾವು ಮಾಡುವ ಕೆಲಸವನ್ನು ಅವರು "ಹ್ಯಾವ್" ಮತ್ತು "ಹ್ಯಾಡ್" ಬದಲಿಸಿ ಮಾಡುತ್ತಾರೆ.

ಈಗ ಹುಬ್ಬಳ್ಳಿಯ ಹುಡುಗಿಯ ಮೇಲ್ ತಿದ್ದಬಹುದು. ಮೊದಲನೆಯ ವಾಕ್ಯ ಕರ್ತವ್ಯದ ಮಾತು, ಆದದ್ದಲ್ಲ: "ಐ ವಾಸ್ ಸಪೋಸ್ಡ್ ಟು ಸೆಂಡ್ ದ ಫೈಲ್ ಯೆಸ್ಟರ್‌ಡೇ". ಎರಡನೆಯದಕ್ಕೆ ಎರಡು ದಾರಿಯಿದೆ. ಆರು ಗಂಟೆಗೆ ಕಳಿಸುವುದೆಂದು ಮೊದಲೇ ಅಂದುಕೊಂಡಿದ್ದರೆ, ಆ ಆರು ಗಂಟೆ ಮ್ಯಾನೇಜರಿಗೆ ತಿಳಿಯಬೇಕಿದ್ದರೆ, "ಐ ವಾಸ್ ಗೋಯಿಂಗ್ ಟು ಸೆಂಡ್ ಇಟ್ ಅಟ್ ಸಿಕ್ಸ್, ಬಟ್ ದ ಪವರ್ ವೆಂಟ್ ಔಟ್". ಬೆರಳು ಬಟನ್ ಮೇಲಿರುವಾಗಲೇ ಕರೆಂಟ್ ಹೋದದ್ದನ್ನು ಹೇಳಬೇಕಿದ್ದರೆ ಗಂಟೆಯನ್ನು ಬಿಟ್ಟು, "ಐ ವಾಸ್ ಅಬೌಟ್ ಟು ಸೆಂಡ್ ಇಟ್ ವೆನ್ ದ ಪವರ್ ವೆಂಟ್ ಔಟ್". ನಾನಾದರೆ ಎರಡನೆಯದನ್ನೇ ಬರೆಸುತ್ತಿದ್ದೆ. ಕೆಲಸ ಮುಗಿದಿತ್ತು, ಕಳಿಸುವುದೊಂದೇ ಬಾಕಿಯಿತ್ತು ಎಂಬುದು ಅದರಲ್ಲಿ ತಾನಾಗಿ ತಿಳಿಯುತ್ತದೆ. ಒಬ್ಬ ಹೊಸ ನೌಕರಳಿಗೆ ಆ ಮಾತಿನ ಬೆಲೆ ದೊಡ್ಡದು.

ಮೂರನೆಯ ವಾಕ್ಯವನ್ನು ಮಾತ್ರ ಅವಳನ್ನು ಕೇಳದೆ ತಿದ್ದಲಾಗದು. "ಐ ಥಾಟ್ ಟು ಕಾಲ್ ಯು" ಎಂಬುದು ಈಗಿನ ಇಂಗ್ಲಿಷಿನಲ್ಲಿ ಕಿವಿಗೆ ಒಗ್ಗದ ಮಾತು, ಅದನ್ನು ಬಿಡಲೇಬೇಕು. ಅದರ ಜಾಗದಲ್ಲಿ ಏನು ಬರಬೇಕೆಂಬುದು ನಿನ್ನೆ ಸಂಜೆ ನಿಜವಾಗಿ ಏನಾಯಿತು ಎಂಬುದರ ಮೇಲೆ ನಿಂತಿದೆ. ಫೋನ್ ಕೈಗೆತ್ತಿಕೊಂಡು ನೋಡಿದರೆ ಚಾರ್ಜ್ ಮುಗಿದಿತ್ತು ಎಂದಾದರೆ, "ಐ ವಾಸ್ ಗೋಯಿಂಗ್ ಟು ಕಾಲ್ ಯು, ಬಟ್ ಮೈ ಫೋನ್ ವಾಸ್ ಡೆಡ್". ಮನೆಗೆ ಹೋಗಿ ಮಾಡಿದರಾಯಿತು ಅಂದುಕೊಂಡು, ಊಟ ಮುಗಿಸುವ ಹೊತ್ತಿಗೆ ಮರೆತೇಹೋಗಿತ್ತು ಎಂದಾದರೆ, "ಐ ಹ್ಯಾಡ್ ಮೆಂಟ್ ಟು ಕಾಲ್ ಯು. ಐಯಾಮ್ ಸಾರಿ".